ಗಿರಿಜಾದೇವಿಯ ಎರಡು ನಿಮಿಷ

ಚೆನ್ನಾಗಿ ಬರೆದಿದ್ದೇ ಗಿರಿಜಾದೇವಿ ಮಾಡಿದ ತಪ್ಪು. ಸ್ವಲ್ಪ ಹಾಳುಮೂಳು ಬರೆದಿದ್ದರೆ ಬದುಕಿಕೊಳ್ಳುತ್ತಿದ್ದಳು.

೧೯೭೯ರ ಮಾತು. ರಾಜಾಜಿನಗರದ ಸಂಸ್ಥೆಯೊಂದರಲ್ಲಿ ವಯಸ್ಕರಿಗೆ ಅಕ್ಷರ ಕಲಿಸಲು ಹೊರಟವರಿಗೆ ಹತ್ತು ದಿನದ ತರಬೇತಿ. ಅಲ್ಲೇ ಮೂರು ವರ್ಷದಿಂದ ಟೆಂಪರರಿಯಾಗಿ ಸವೆಯುತ್ತಿದ್ದ ಗಿರಿಜಾಳಿಗೆ ಅಧಿಕಾರಿ ರೇವಣಸಿದ್ದಯ್ಯ ಆಸೆ ಹಚ್ಚಿದ್ದರು: "ಮೊದಲನೇ ದಿನದ ಸ್ಕ್ರಿಪ್ಟ್ ಬರೆದುಕೊಡಿ ಮೇಡಂ. ಅದು ಚೆನ್ನಾಗಿ ನಡೆದ್ರೆ ತರಬೇತಿ ಕೊಡೋ ಹುದ್ದೆ ಕಾಯಂ ಮಾಡಿಸ್ತೀನಿ."

ಪಾಪ, ನಂಬಿದಳು. ಪುಟದ ಎಡಗಡೆ ಗಂಟೆ, ನಡುವೆ ಆಡಬೇಕಾದ ಮಾತು, ಬಲಗಡೆ ಮಾಡಬೇಕಾದ ಕೆಲಸ. ಹತ್ತು ಇಪ್ಪತ್ತಕ್ಕೆ: ಎಲ್ಲರೂ ಎಡಗೈಯಲ್ಲಿ ಹೆಸರು ಬರೆಯಲಿ, ಮೂರು ನಿಮಿಷ, ಎಡಚರಿದ್ದರೆ ಬಲಗೈ. ಹತ್ತು ಇಪ್ಪತ್ಮೂರಕ್ಕೆ: "ಹೇಗನ್ನಿಸಿತು?" ಎಂದು ಕೇಳಿ ಎರಡು ನಿಮಿಷ ಸುಮ್ಮನಿರಿ. ಯಾರೂ ಮಾತಾಡದಿದ್ದರೂ ನೀವು ಬಾಯಿ ಬಿಡಬೇಡಿ. ಆಮೇಲೆ ಮುಂದಿನ ಪಾಠಕ್ಕೆ ದಾಟಿಸುವ ಮಾತು, ಅದೂ ಅಕ್ಷರಕ್ಕಕ್ಷರ.

ಬೆಳಿಗ್ಗೆ ಹೊಸ ಸೀರೆ ಉಟ್ಟು ಬಂದರೆ, ಹಾಲ್‌ನ ಮುಂದೆ ರೇವಣಸಿದ್ದಯ್ಯನವರ ಅಕ್ಕನ ಮಗ ಚನ್ನಕೇಶವ ನಿಂತಿದ್ದ. ಕೈಯಲ್ಲಿ ಅವಳದೇ ಹಾಳೆಗಳು.

"ಇವನೇ ನಡೆಸ್ಲಿ ಬಿಡಿ," ಎಂದರು ಪಕ್ಕದಲ್ಲಿದ್ದ ರೇವಣಸಿದ್ದಯ್ಯ. " ಯಾರ ಕೈಗೆ ಕೊಟ್ರೂ ನಡೀಬೇಕು, ಅದೇ ಅಲ್ವಾ ಸ್ಕ್ರಿಪ್ಟ್ ಅಂದ್ರೆ?"

ಗಿರಿಜಾ ಹಿಂದಿನ ಬೆಂಚಿನಲ್ಲಿ ಕೂತಳು. ಇವನು ತೊದಲಲಿ, ಎಡವಲಿ, ಮಾನ ಹೋಗಲಿ ಎಂದು ಮನಸಾರೆ ಶಪಿಸಿದಳು. ಸುಳ್ಳೇಕೆ ಹೇಳಲಿ, ನಾನಾಗಿದ್ದರೂ ಶಪಿಸುತ್ತಿದ್ದೆ.

ಅವನು ಎಡವಲೇ ಇಲ್ಲ. ಎಡಗೈಯಲ್ಲಿ ಬರೆಸಿದ, "ಹೇಗನ್ನಿಸಿತು?" ಎಂದ, ಕೈಗಡಿಯಾರ ನೋಡುತ್ತಾ ಕಂಬದ ಹಾಗೆ ನಿಂತ. ಒಂದು ನಿಮಿಷ ಕಳೆದಿರಬೇಕು, ಗಿರಣಿಯಿಂದ ರಿಟೈರಾಗಿ ತರಬೇತಿಗೆ ಬಂದಿದ್ದ ಹನುಮಂತಯ್ಯ ತನ್ನ ಸೊಟ್ಟ ಅಕ್ಷರಗಳ ಮೇಲೆ ಕೈಯಿಟ್ಟು ಮುಚ್ಚಿಕೊಂಡ.

"ನಾಚಿಕೆ ಆಯ್ತದೆ ಸಾರ್. ನಮ್ಮವ್ವ ಹೆಬ್ಬೆಟ್ಟು ಒತ್ತಿ ಬೆರಳನ್ನ ಸೆರಗಲ್ಲಿ ಬಚ್ಚಿಟ್ಕಳ್ಳೋಳು. ಯಾಕೆ ಅಂತ ಇವತ್ತು ಗೊತ್ತಾಯ್ತು."

ಚನ್ನಕೇಶವ ಹಾಳೆ ನೋಡಿ ಓದಿದ: "ನಾಳೆ ನಿಮ್ಮ ಮುಂದೆ ಕೂರುವವರು ಈ ನಾಚಿಕೆಯನ್ನೇ ಹೊತ್ತು ಬರುತ್ತಾರೆ. ಅವರನ್ನು ಹೇಗೆ ಕೂರಿಸೋಣ, ಬನ್ನಿ ನೋಡೋಣ."

ಚಪ್ಪಾಳೆಯೋ ಚಪ್ಪಾಳೆ. ಹನುಮಂತಯ್ಯ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ಗಿರಿಜಾಳ ಹೊಟ್ಟೆಗೆ ಬೆಂಕಿ ಬಿತ್ತು.

ಊಟದ ಹೊತ್ತಿಗೆ ರೇವಣಸಿದ್ದಯ್ಯ ಹಲ್ಲು ಕಿರಿಯುತ್ತಾ ಬಂದರು. "ಭೇಷ್ ಮೇಡಂ! ಹುದ್ದೆಗೆ ನಮ್ಮ ಹುಡುಗನ ಹೆಸರು ಕಳಿಸ್ತಾ ಇದೀನಿ, ಬೇಜಾರು ಮಾಡ್ಕೋಬೇಡಿ. ಉಳಿದ ಒಂಬತ್ತು ದಿನದ್ದೂ ಹೀಗೇ ಬರೆದುಕೊಡಿ. ನಿಮ್ಮ ಟೆಂಪರರಿ ಆರ್ಡರ್ ಶನಿವಾರದವರೆಗೂ ಇದೆಯಲ್ಲ, ಅಷ್ಟರೊಳಗೆ ಮುಗಿಸಿಬಿಡಿ!"

ಕೈಯಲ್ಲಿದ್ದ ಬಟ್ಟಲಿನ ಸಾರನ್ನು ಆ ಮುಖಕ್ಕೆ ಎರಚಬೇಕು ಅನ್ನಿಸಿತು ಗಿರಿಜಾಳಿಗೆ. ಎರಚಲಿಲ್ಲ. ಬಾಯಿಂದ ಬಂದದ್ದೇ ಬೇರೆ, ಅದಕ್ಕಾಗಿ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

"ಹನ್ನೊಂದೂವರೆಗೆ ಗುಂಪು ಮಾಡಿಸೋವಾಗ ಚನ್ನಕೇಶವ ಅವರು ಸ್ವಲ್ಪ ತಡವರಿಸಿದ್ರು ಸಾರ್. ಅಲ್ಲಿ ಇನ್ನೊಂದು ಸಾಲು ಸೇರಿಸಿಕೊಡ್ತೀನಿ."