ತಲುಪಿದೆ ಎಂದು ಬರೆದ ಪಾರ್ಸೆಲ್

ಠಾಣೆ ಶಹರದ ಸ್ಟೇಷನ್ ರೋಡಿನ ಒಂದು ಹಳೇ ಕಟ್ಟಡದ ನೆಲಮಹಡಿಯಲ್ಲಿದ್ದ ಆ ಕೊರಿಯರ್ ಶಾಖೆಗೆ ರಮಾಕಾಂತ ಇನ್‌ಚಾರ್ಜ್ ಆಗಿ ಬಂದು ನಾಲ್ಕು ವರ್ಷವಾಗಿತ್ತು. ಕುಂದಾಪುರದ ಕಡೆಯವನು. ಪಾರ್ಸೆಲ್ ಬಂದಿಲ್ಲ, ತಡವಾಯಿತು, ಒದ್ದೆಯಾಯಿತು ಎಂದು ಕೌಂಟರಿನ ಮುಂದೆ ನಿಂತು ಕೂಗುವವರನ್ನು ಸಮಾಧಾನ ಮಾಡಿ ಕಳಿಸುವುದರಲ್ಲಿ ಅವನ ಕೈ ಪಳಗಿತ್ತು. ಕೂಗುವವರಿಗೆ ಅವನು ಹೆದರುತ್ತಿರಲಿಲ್ಲ. ಕೂಗಿ ಸುಸ್ತಾದವರು ಮತ್ತೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ದಮಯಂತಿ ಶೆಟ್ಟಿ ಕೂಗಲಿಲ್ಲ. ತೊಂಬತ್ತಾರರ ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಬಂದು, ಕೊಡೆಯನ್ನು ಹೊರಗೇ ಒರಗಿಸಿ, ಕೌಂಟರಿನ ಮೇಲೆ ಪಾರ್ಸೆಲ್ ರಸೀದಿಯ ಡಾಕೆಟ್ ನಂಬರ್ ಬರೆದ ಚೀಟಿ ಇಟ್ಟರು.

"ಬೆಂಗಳೂರಿಂದ ಒಂದು ಪಾರ್ಸೆಲ್ ಬರ್ಲಿಕ್ಕಿತ್ತು. ಡೆಲಿವರಿ ಆಗಿದೆ ಅಂತ ನಿಮ್ಮವರು ಅಲ್ಲಿಗೆ ಹೇಳಿದ್ದಾರಂತೆ. ನಮಗೆ ಸಿಕ್ಕಿಲ್ಲ."

ರಮಾಕಾಂತ ರಿಜಿಸ್ಟರ್ ತೆಗೆದು ನೋಡಿದ. ಎಲ್. ಶೆಟ್ಟಿ, ವರ್ತಕ ನಗರ. ಡೆಲಿವರ್ಡ್.

"ಅಕ್ಕ, ಇದು ಆಗಿದೆ. ಮನೆಯಲ್ಲಿ ಯಾರಾದ್ರೂ ತಗೊಂಡಿರ್ತಾರೆ, ಒಮ್ಮೆ ಕೇಳಿ ನೋಡಿ."

"ಮನೆಯಲ್ಲಿ ಇರೋದು ನಾನು, ನನ್ನ ಮಗಳು, ಅವಳ ಅಪ್ಪ. ಮೂರೂ ಜನರನ್ನ ಕೇಳಿಯಾಯ್ತು," ಎಂದು ದಮಯಂತಿ ನಕ್ಕರು. "ಸಹಿ ಯಾರದ್ದು?"

ಸಹಿ ಇದ್ದ ಡೆಲಿವರಿ ಶೀಟುಗಳು ವಾರಕ್ಕೊಮ್ಮೆ ಕಟ್ಟು ಕಟ್ಟಿ ಅಂಧೇರಿಯ ಜೋನಲ್ ಆಫೀಸಿಗೆ ಹೋಗುತ್ತಿದ್ದವು. ಅದನ್ನು ಹುಡುಕಿ ತರಿಸುವುದು ದೊಡ್ಡ ಕಿರಿಕಿರಿ. ರಮಾಕಾಂತ ತನ್ನ ಎಂದಿನ ಮಾತನ್ನು ಹೇಳಿದ. ದೂರು ಕೊಡಬೇಕಾದವರು ಪಾರ್ಸೆಲ್ ಕಳಿಸಿದವರು. ಬುಕ್ ಮಾಡಿದ್ದು ಅವರು, ರಸೀದಿ ಅವರ ಹತ್ತಿರ ಇರುತ್ತದೆ, ಅವರು ಬೆಂಗಳೂರಲ್ಲಿ ಬರೆದು ಕೊಡಲಿ. ಇಷ್ಟು ಹೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಹೋಗಿಬಿಡುತ್ತಿದ್ದರು. ದಮಯಂತಿಯೂ "ಆಯ್ತು ಮಾರಾಯ್ರೆ" ಎಂದು ಕೊಡೆ ತೆಗೆದುಕೊಂಡು ಹೋದರು.

ಆ ವಾರ ಕಳೆಯುವುದರೊಳಗೆ ಮತ್ತೆ ಬಂದರು. ಈ ಸಲ ಕೈಯಲ್ಲಿ ಪತ್ರವಿತ್ತು. ಇಂಗ್ಲಿಷಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಅಲಂಕಾರವಿಲ್ಲದ ವಾಕ್ಯಗಳಲ್ಲಿ ಬರೆದದ್ದು. ಡಾಕೆಟ್ ನಂಬರ್, ಬುಕ್ ಮಾಡಿದ ದಿನ, ಕಳಿಸಿದ ಅಂಗಡಿಯ ಹೆಸರು, ಪೂರ್ತಿ ವಿಳಾಸ. ಪಾರ್ಸೆಲಿನಲ್ಲಿ ಇದ್ದದ್ದು ರಿಪೇರಿಯಾಗಿ ಬರುತ್ತಿದ್ದ ಕಿವಿಯ ಯಂತ್ರ. ಜೊತೆಗೆ ಬೆಂಗಳೂರಿನ ಅಂಗಡಿಯವರು ಫ್ಯಾಕ್ಸ್ ಮಾಡಿದ ರಸೀದಿಯ ನಕಲು, ನಮ್ಮ ಪರವಾಗಿ ಇವರೇ ವಿಚಾರಿಸಬಹುದು ಎಂಬ ಒಪ್ಪಿಗೆ. ಪತ್ರದ ಕೊನೆಯಲ್ಲಿ ಕೇಳಿದ್ದು ಇಷ್ಟೇ: ಸಹಿಯ ಸ್ಪಷ್ಟ ನಕಲು ಬೇಕು, ಸಹಿ ಮಾಡಿದವರು ಯಾರು, ಯಾವ ಮನೆಯಲ್ಲಿ ಕೊಟ್ಟದ್ದು ಎಂದು ತಿಳಿಸಬೇಕು, ತಂದವರನ್ನು ವಿಚಾರಿಸಿ ಉತ್ತರವನ್ನು ಬರಹದಲ್ಲಿ ಕೊಡಬೇಕು.

ರಮಾಕಾಂತ ಎರಡು ಸಲ ಓದಿದ. ಸಾಮಾನ್ಯವಾಗಿ ಇಂಥ ಕಾಗದಗಳಲ್ಲಿ ಕಳ್ಳರು, ಮೋಸಗಾರರು, ಕೋರ್ಟಿಗೆ ಎಳೆಯುತ್ತೇನೆ ಎಂಬ ಮಾತುಗಳಿರುತ್ತಿದ್ದವು. ಇದರಲ್ಲಿ ಅದೊಂದೂ ಇರಲಿಲ್ಲ. 'ನಿಮ್ಮ ಮನುಷ್ಯ ತಪ್ಪು ಮಾಡಿದ್ದಾನೆಂದು ನಾನು ಹೇಳುತ್ತಿಲ್ಲ. ನಮಗೆ ಬಂದಿಲ್ಲ ಎಂಬುದು ಮಾತ್ರ ನನಗೆ ಗೊತ್ತು' ಎಂದಿತ್ತು.

"ಯಾರು ಬರೆದದ್ದು ಅಕ್ಕ?"

"ನಾನೇ. ಮೊದಲು ಕನ್ನಡದಲ್ಲಿ ಬರೆದೆ. ಆಮೇಲೆ ಮಗಳು ಮಾನಸಿ ಇಂಗ್ಲಿಷ್ ಮಾಡಿಕೊಟ್ಳು. ಅವಳು ಜೋರಾಗಿ ಬರೆದಿದ್ಳು, ಅದನ್ನೆಲ್ಲ ನಾನು ತೆಗೆಸಿದೆ." ಇನ್ನೊಂದು ಪ್ರತಿ ಮುಂದಿಟ್ಟರು. "ಇದ್ರ ಮೇಲೆ ಮುಟ್ಟಿದೆ ಅಂತ ಒಂದು ಸಿಕ್ಕಾ ಹೊಡೀರಿ."

ಸಿಕ್ಕಾ ಹೊಡೆಯುವಾಗ ರಮಾಕಾಂತ ಕೇಳಿದ, ಯಂತ್ರ ಇಲ್ಲದೆ ಭಾವನವರು ಏನು ಮಾಡುತ್ತಾರೆ ಎಂದು. ದಮಯಂತಿಯವರ ಗಂಡ ಲೋಕನಾಥ ಶೆಟ್ಟರು ಕಲ್ಯಾಣ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಅಂಗಿಯ ಜೇಬಿನಲ್ಲಿ ಡಬ್ಬಿ, ಅದರಿಂದ ಕಿವಿಗೊಂದು ತಂತಿ; ಅದಿದ್ದರೆ ಎಲ್ಲ ಸರಿ. ಈಗ ವೇಟರ್ ಕೂಗುವ ಬಿಲ್ಲು ಕೇಳಿಸುವುದಿಲ್ಲ. ಯಜಮಾನರು ಬೈಯಲಿಲ್ಲ, ಯಂತ್ರ ಬರುವ ತನಕ ಮನೆಯಲ್ಲಿರಿ ಎಂದಿದ್ದಾರೆ. ಇಷ್ಟನ್ನು ದಮಯಂತಿ ಬೇರೆ ಯಾರದೋ ಮನೆಯ ಸುದ್ದಿಯೆಂಬಂತೆ ಹೇಳಿದರು. "ಬೇಸರ ಆಗೋದು ಕೆಲಸಕ್ಕಲ್ಲ. ಮನೆಯಲ್ಲಿ ನಾವಿಬ್ಬರು ಮಾತಾಡ್ತಾ ಇದ್ರೆ ಅವ್ರು ಸುಮ್ಮನೆ ನಮ್ಮ ಬಾಯಿ ನೋಡ್ತಾ ಕೂರ್ತಾರಲ್ಲ, ಅದು ನೋಡ್ಲಿಕ್ಕಾಗೋದಿಲ್ಲ."

ರಮಾಕಾಂತ ಅವತ್ತೇ ಅಂಧೇರಿಗೆ ಫೋನ್ ಮಾಡಿದ. ಅಲ್ಲಿಯ ಸಾಹೇಬರು ಕಾಗದದ ವಿಷಯ ಕೇಳುತ್ತಲೇ ತೀರ್ಮಾನ ಹೇಳಿಬಿಟ್ಟರು. "ಡೆಲಿವರಿವಾಲಾ ಕೌನ್? ಉಸ್‌ಕೋ ಘರ್ ಬಿಠಾವ್." ಅವನನ್ನು ಕೆಲಸಕ್ಕೆ ಬರಬೇಡವೆಂದು ಹೇಳುವುದು, ನನ್ನಿಂದ ಕಳೆಯಿತು ಎಂದು ಬರೆಸಿಕೊಳ್ಳುವುದು, ರಸೀದಿಯ ಹಿಂದೆ ಅಚ್ಚಾದ ನಿಯಮದಂತೆ ಆ ಹೆಂಗಸಿಗೆ ಚಿಲ್ಲರೆ ಪರಿಹಾರ ಕೊಟ್ಟು ಫೈಲು ಮುಚ್ಚುವುದು.

ವರ್ತಕ ನಗರಕ್ಕೆ ಆ ಪಾರ್ಸೆಲ್ ಒಯ್ದವನು ಶಿವರಾಯ. ಕಲಬುರಗಿ ಜಿಲ್ಲೆಯವನು, ಪಕ್ಕದ ಕಳವಾ ಎಂಬ ಊರಿನಲ್ಲಿ ಅಣ್ಣನ ಖೋಲಿಯಲ್ಲಿದ್ದ. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನನ್ನು ಡೆಲಿವರಿಗೆ ಹಾಕಿ ಹೆಚ್ಚು ದಿನವಾಗಿರಲಿಲ್ಲ.

"ನಾ ಕಳದಿಲ್ರಿ ಸಾಹೇಬ್ರ. ಯಾರಿಗೆ ಕೊಟ್ಟೀನಿ ಅನ್ನೂದು ನೆನಪ ಬರವಲ್ದು. ದಿನಾ ಎಷ್ಟ ಮನಿ ಹತ್ತಿ ಇಳೀತೀನ್ರಿ. ಆದ್ರ ಸಹಿ ಇಲ್ಲದ ಯಾರ ಕೈಯಾಗೂ ಕೊಟ್ಟಿಲ್ಲ," ಎಂದ. ಬರೆದುಕೊಡು ಎಂದಾಗ ಪೆನ್ನು ಮುಟ್ಟಲಿಲ್ಲ. ಸೈಕಲ್ಲಿನ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟುಹೋದ.

ರಮಾಕಾಂತ ದಮಯಂತಿಯವರಿಗೆ ಈ ಸುದ್ದಿ ಹೇಳಿದ್ದು ಸ್ವಲ್ಪ ಹೆಮ್ಮೆಯಿಂದಲೇ. ಕ್ರಮ ತೆಗೆದುಕೊಂಡಿದ್ದೇವೆ, ಹುಡುಗನನ್ನು ತೆಗೆದಿದ್ದೇವೆ, ಪರಿಹಾರವೂ ಬರುತ್ತದೆ ಎಂದ. ಅವರು ಸಂತೋಷಪಡುತ್ತಾರೆಂದುಕೊಂಡಿದ್ದ.

ದಮಯಂತಿಯವರ ಮುಖ ಗಂಟಾಯಿತು. "ಸಹಿಯ ನಕಲು ಬಂತಾ?"

"ಇಲ್ಲ, ಇನ್ನು ಅದ್ರ ಅಗತ್ಯ..."

"ಸಹಿಯನ್ನೇ ನೋಡದೆ ಒಬ್ಬನ ಕೆಲಸ ತೆಗೆದ್ರಾ? ನಾನು ಕೇಳಿದ್ದು ಎಂತ, ನೀವು ಮಾಡಿದ್ದು ಎಂತ?" ದನಿ ಏರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ದಮಯಂತಿ ಇನ್ನೊಂದು ಪತ್ರ ಬರೆದರು. ಮಗಳಿಲ್ಲದ್ದರಿಂದ ಕನ್ನಡದಲ್ಲೇ. 'ನನ್ನ ದೂರನ್ನು ಆಧಾರ ಮಾಡಿಕೊಂಡು ಯಾರನ್ನೂ ಶಿಕ್ಷಿಸಬಾರದು. ನನಗೆ ಪರಿಹಾರ ಬೇಡ. ತನಿಖೆ ಬೇಕು. ಅದು ಮುಗಿಯುವ ತನಕ ಆ ಮನುಷ್ಯ ಕೆಲಸದಲ್ಲಿರಬೇಕು; ಅವನಿಲ್ಲದೆ ನೀವು ಯಾರನ್ನು ವಿಚಾರಿಸುತ್ತೀರಿ?' ಇದನ್ನು ಅಂಧೇರಿಗೆ ನೀವೇ ಇಂಗ್ಲಿಷ್ ಮಾಡಿ ಕಳಿಸಿ ಎಂದು ರಮಾಕಾಂತನ ಕೈಗೆ ಕೊಟ್ಟರು.

ಮರುದಿನ ಬೆಳಿಗ್ಗೆ ರಮಾಕಾಂತನೇ ಲೋಕಲ್ ರೈಲು ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ ಅಂಧೇರಿಗೆ ಹೋದ. ಸಾಹೇಬರ ಮುಂದೆ ಪತ್ರವನ್ನು ಓದಿ ಅರ್ಥ ಹೇಳಿದ. ದೂರು ಕೊಟ್ಟವರೇ ಪರಿಹಾರ ಬೇಡವೆಂದದ್ದನ್ನು ಸಾಹೇಬರು ಎಂದೂ ಕೇಳಿರಲಿಲ್ಲ. "ಠೀಕ್ ಹೈ, ಢೂಂಢೋ," ಎಂದು ಹುಡುಕಲು ಒಪ್ಪಿದರು. ಗೋಣಿಚೀಲಗಳ ನಡುವೆ ಮಧ್ಯಾಹ್ನದ ತನಕ ಹುಡುಕಿ ರಮಾಕಾಂತ ಆ ಶೀಟನ್ನು ತೆಗೆದ.

ಎಲ್. ಶೆಟ್ಟಿ ಎಂಬ ಸಾಲಿನ ಎದುರಿಗೆ ಮರಾಠಿಯಲ್ಲಿ ನಡುಗುವ ಕೈಯ ಒಂದು ಸಹಿ. ಹೆಸರು ಸ್ಪಷ್ಟವಿಲ್ಲ. ಫೋನ್ ನಂಬರ್ ಇಲ್ಲ, ಮನೆ ನಂಬರ್ ಇಲ್ಲ. ಶೀಟಿನಲ್ಲಿ ಬರೆಯುವುದು ಹೆಸರು ಮತ್ತು ಬಡಾವಣೆ ಮಾತ್ರ. ಪೂರ್ತಿ ವಿಳಾಸ ಇರುವುದು ಪಾರ್ಸೆಲಿನ ಮೇಲೆ ಮತ್ತು ಶಾಖೆಯಲ್ಲಿ ಉಳಿಯುವ ಡಾಕೆಟ್ ಪ್ರತಿಯಲ್ಲಿ.

ಶಾಖೆಗೆ ಮರಳಿದಾಗ ದಮಯಂತಿ ಬಂದು ಕೂತಿದ್ದರು. ಅವನು ತಂದ ಶೀಟಿನ ನಕಲನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ನಮ್ಮವರ್ಯಾರದ್ದೂ ಅಲ್ಲ." ಆಮೇಲೆ, "ಇದ್ರ ಮೇಲಿನ ಸಾಲು, ಕೆಳಗಿನ ಸಾಲು? ಅವ್ರ ಹೆಸರು ನನಗೆ ಬೇಡ. ಅವತ್ತು ಆ ಹೊತ್ತಿಗೆ ಅವನು ಎಲ್ಲಿದ್ದ ಅಂತ ಗೊತ್ತಾಗ್ತದಲ್ಲ?" ಎಂದು ಕೇಳಿದರು.

ರಮಾಕಾಂತ ಕಳವಾಕ್ಕೆ ಹೇಳಿಕಳಿಸಿ ಶಿವರಾಯನನ್ನು ಕರೆಸಿದ. ಆ ಎರಡು ಪಾರ್ಸೆಲ್‌ಗಳ ಡಾಕೆಟ್ ಪ್ರತಿಗಳನ್ನು ಹುಡುಕಿದಾಗ ಎರಡೂ ವರ್ತಕ ನಗರದ ಇಪ್ಪತ್ತೊಂದನೇ ಬಿಲ್ಡಿಂಗಿನವು. ದಮಯಂತಿಯವರ ಮನೆ ಹನ್ನೆರಡನೆಯದರಲ್ಲಿ.

ಮೂವರೂ ರಿಕ್ಷಾ ಹಿಡಿದು ಹೋದರು. ಇಪ್ಪತ್ತೊಂದರ ಎರಡನೇ ಮಹಡಿಗೆ ಬರುತ್ತಲೇ ಶಿವರಾಯ ಮೆಟ್ಟಿಲ ಮೇಲೇ ನಿಂತುಬಿಟ್ಟ.

"ಇಲ್ಲೇರಿ ಅಕ್ಕಾರ! ಈಗ ನೆನಪಾತು. ಮ್ಯಾಲಿನ ಮನಿಗೆ ಒಂದು ಕೊಟ್ಟು ಇಳಿಯಾಕತ್ತಿದ್ದೆ. ಈ ಬಾಗಲದ ಮ್ಯಾಲ ಶೆಟ್ಟಿ ಅಂತ ಬರದಿತ್ತು. ಕೀಲಿ ಹಾಕಿತ್ತು. ಹೆಸರು ಕೂಡ್ತಲ್ಲಂತ ಬಿಲ್ಡಿಂಗ್ ನಂಬರ ನೋಡಲಿಲ್ಲ. ಬಾಜೂ ಮನಿ ಅಜ್ಜಿ, ನಾ ಇಟ್ಕೋತೀನಂದ್ಳು."

ಬಾಗಿಲಿಗೆ ಆಗಲೂ ಬೀಗವೇ. ಅದು ಹೋಟೆಲಿನ ನಾಲ್ಕು ಹುಡುಗರು ಕೂಡಿ ಬಾಡಿಗೆಗೆ ಹಿಡಿದ ಮನೆ. ಅವರಲ್ಲಿ ಒಬ್ಬ ಶೆಟ್ಟಿ, ರಜೆಯಲ್ಲಿ ಊರಿಗೆ ಹೋದವನು ಇನ್ನೂ ಬಂದಿರಲಿಲ್ಲ, ಉಳಿದವರು ಬೆಳಗಿನಿಂದ ಕೆಲಸದಲ್ಲಿರುವವರು. ಪಕ್ಕದ ಮನೆಯ ಮುದುಕಿ ಕನ್ನಡಕ ಏರಿಸಿ ಮೂವರನ್ನೂ ನೋಡಿ, "ಹೋ, ಮೀಚ್ ಘೇತಲಾ. ಶೆಟ್ಟೀಚಾ ನಾ?" ಎಂದು, ತಾನೇ ತೆಗೆದುಕೊಂಡೆನೆಂದು ಒಪ್ಪಿ ಒಳಗೆ ಹೋದಳು. ಕಪಾಟಿನ ಮೇಲಿಂದ ಇಳಿಸಿ ತಂದ ಪೊಟ್ಟಣದ ಮೇಲೆ ಧೂಳು ಕೂತಿತ್ತು, ಸೀಲು ಒಡೆದಿರಲಿಲ್ಲ. ವಿಳಾಸದಲ್ಲಿ ಹನ್ನೆರಡು ಎಂದು ನೆಟ್ಟಗೆ ಬರೆದಿತ್ತು. ಪಾಪ, ಶೆಟ್ಟಿ ಬಂದಾಗ ಕೈಗೇ ಕೊಡಬೇಕೆಂದು ಇಲಿಗಳಿಂದ ಕಾಪಾಡಿಕೊಂಡು ಇಟ್ಟಿದ್ದಳು.

ದಮಯಂತಿ ಮುದುಕಿಯ ಎರಡೂ ಕೈ ಹಿಡಿದುಕೊಂಡರು. ಶಿವರಾಯ ತಲೆ ಬಗ್ಗಿಸಿ ನಿಂತಿದ್ದ. "ತಪ್ಪು ನಂದೇ ಆತ್ರಿ," ಎಂದ.

"ಹೌದು, ನಿನ್ನದೇ," ಎಂದರು ದಮಯಂತಿ. "ಆದ್ರೆ ಕಳೆದುಹಾಕಿಲ್ಲ ಅಂದಿದ್ದೆಯಲ್ಲ, ಅದು ನಿಜ ಆಯ್ತು. ಬಾ, ಮನೆಗೆ. ಚಹ ಕುಡಿದು ಹೋಗು."

ಹನ್ನೆರಡನೇ ಬಿಲ್ಡಿಂಗಿನ ಮನೆಯಲ್ಲಿ ಲೋಕನಾಥ ಶೆಟ್ಟರು ಹೊಸ ಸೆಲ್ ಹಾಕಿ, ಡಬ್ಬಿಯನ್ನು ಜೇಬಿಗಿಳಿಸಿ, ಗುಂಡಿ ತಿರುಗಿಸುತ್ತ ಕೂತರು. ಕಾಲೇಜಿನಿಂದ ಬಂದ ಮಾನಸಿ ಚಪ್ಪಲಿ ಬಿಡುತ್ತ "ಪಪ್ಪಾ, ಮಿಳಾಲಾ ಕಾ?" ಎಂದು ಯಂತ್ರ ಸಿಕ್ಕಿದ್ದನ್ನು ಮರಾಠಿಯಲ್ಲಿ ವಿಚಾರಿಸಿದಳು. ಅವರು ಬಾಗಿಲ ಕಡೆ ತಿರುಗಿ, "ಹೋ, ಮಿಳಾಲಾ. ಎಷ್ಟು ಜೋರು ಮಾತಾಡ್ತಿ ಮಾರಾಯ್ತಿ," ಎಂದರು. ದಮಯಂತಿ ಅಡಿಗೆಮನೆಯಿಂದ ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ ಸೆರಗಿನ ತುದಿ ಒದ್ದೆಯಾಗಿತ್ತು. ರಮಾಕಾಂತ ನೋಡಿಯೂ ನೋಡದವನಂತೆ ಚಹ ಕುಡಿದ.

ಹೊರಡುವಾಗ ಅವನೆಂದ: "ಎಲ್ಲ ಮುಗೀತಲ್ಲ ಅಕ್ಕ. ಇನ್ನು ಕೇಸ್ ಬಂದ್ ಮಾಡ್ತೇನೆ."

"ಉತ್ತರ ಬರಹದಲ್ಲಿ ಕೊಡ್ಬೇಕು ಅಂತ ಬರೆದಿದ್ದೇನಲ್ಲ," ಎಂದರು ದಮಯಂತಿ. "ಪಾರ್ಸೆಲ್ ಸಿಕ್ಕಿದ್ದು ನನಗೆ ಗೊತ್ತು, ನಿಮಗೆ ಗೊತ್ತು. ಅಂಧೇರಿಯ ಫೈಲಿನಲ್ಲಿ ಇವನ ಹೆಸರು ಕಳೆದುಹಾಕಿದವನು ಅಂತಲೇ ಉಳೀತದೆ."

ರಮಾಕಾಂತ ಶಾಖೆಗೆ ಹೋಗಿ ಟೈಪ್‌ರೈಟರ್ ಮುಂದೆ ಕೂತ. ಅಷ್ಟು ವರ್ಷದಲ್ಲಿ ಅವನು ಬರೆದ ಉತ್ತರಗಳೆಲ್ಲ ಒಂದೇ ಅಚ್ಚಿನವು, ಹೆಸರು ಬದಲಿಸಿದರೆ ಸಾಕಾಗುವಂಥವು. ಇದಕ್ಕೆ ಆ ಅಚ್ಚು ಒಗ್ಗಲಿಲ್ಲ. ಎರಡು ಹಾಳೆ ಮುದ್ದೆ ಮಾಡಿ ಎಸೆದ ಮೇಲೆ, ಪತ್ರ ಬರೆಯುವುದಾದರೆ ಆ ಹೆಂಗಸಿನ ಹಾಗೆ ಬರೆಯಬೇಕು ಎಂದು ಅವನಿಗೆ ಹೊಳೆಯಿತು. ಆದದ್ದನ್ನು ಆದ ಹಾಗೆ ಬರೆದ. ಪಾರ್ಸೆಲ್ ಇಪ್ಪತ್ತೊಂದನೇ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯವರಿಗೆ ಕೊಡಲಾಗಿತ್ತು. ವಿಳಾಸ ಪೂರ್ತಿ ನೋಡದೆ ಕೊಟ್ಟದ್ದು ಡೆಲಿವರಿ ಮಾಡಿದವನ ತಪ್ಪು. ಸಹಿ ಮಾಡಿದವರ ಹೆಸರು, ಮನೆ ನಂಬರ್ ಕೇಳದೆ ಶೀಟನ್ನು ಒಪ್ಪಿಕೊಂಡದ್ದು, ದೂರು ಬಂದಾಗ ಶೀಟು ನೋಡದೆ ಅವನನ್ನು ಮನೆಗೆ ಕಳಿಸಿದ್ದು ಶಾಖೆಯ ತಪ್ಪು. ಕೊನೆಗೆ ಇನ್ನೊಂದು ಸಾಲು ಹೊಡೆದ: ಶಿವರಾಯನನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಲಾಗಿದೆ.

ಒಂದು ಪ್ರತಿಯನ್ನು ಅಂಧೇರಿಗೆ ಹಾಕಿದ. ಇನ್ನೊಂದನ್ನು ವರ್ತಕ ನಗರಕ್ಕೆ ಶಿವರಾಯನ ಕೈಯಲ್ಲೇ ಕಳಿಸಿದ, ಸೈಕಲ್ಲಿನ ಬೀಗದ ಕೈಯನ್ನೂ ಕೊಟ್ಟು.