ಎರಡು ಸಲ ಬಡಿ

“ಹಾರ ಆಮೇಲೆ ಹಾಕಿ ಅಣ್ಣ, ಮೊದಲು ಒಳಗೆ ಬನ್ನಿ,” ಎಂದು ಡ್ರೈವರನ ಹೆಂಡತಿ ಕಂಡಕ್ಟರನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಗಂಡನ ಹೆಣ ಹಜಾರದಲ್ಲಿತ್ತು. ಹೊರಗೆ ಶವದ ವ್ಯಾನು ಬಂದು ನಿಂತಿತ್ತು.

ಕಂಡಕ್ಟರ್ ಬರುವಾಗಲೇ ಮುಖ ಗಂಟಿಕ್ಕಿಕೊಂಡಿದ್ದ. ಒಂದೇ ಬಸ್ಸಿನಲ್ಲಿ ಮೂವತ್ತು ವರ್ಷ ಜೊತೆಗೆ ದುಡಿದವನು ತನ್ನ ಮಗಳ ಮದುವೆಗೆ ಬರಲಿಲ್ಲ, ಈಗ ಹೇಳದೆ ಕೇಳದೆ ಹೋಗಿಯೂಬಿಟ್ಟ. ಯಾರ ಮೇಲೆ ಹರಿಹಾಯುವುದು?

ಅವಳು ಅಕ್ಕಿ ಡಬ್ಬದ ಹಿಂದಿನಿಂದ ಒಂದು ಲಕೋಟೆ ತೆಗೆದಳು. ಅದರ ಮೇಲೆ ಪೋಸ್ಟ್‌ಮ್ಯಾನ್ ಕೆಂಪು ಶಾಯಿಯಲ್ಲಿ ಬರೆದಿದ್ದ: ತೆಗೆದುಕೊಳ್ಳಲು ಒಪ್ಪಲಿಲ್ಲ, ವಾಪಸ್.

“ನೀವು ಓದಿದ್ರಿ ಅಂತ ಅವರಿಗೆ ಸುಳ್ಳು ಹೇಳಿದೆ,” ಎಂದಳು. “ಹದಿನೈದು ದಿನ ಹೇಳಿದೆ. ಸಾಯೋ ಮನುಷ್ಯನಿಗೆ ಸುಳ್ಳು ಹೇಳಿಸಿದ್ರಲ್ಲ ನನ್ನ ಕೈಲಿ.”

*

ಅಂದು ಪೋಸ್ಟ್‌ಮ್ಯಾನ್ ಲಕೋಟೆ ಚಾಚಿದಾಗ ಡ್ರೈವರನ ಆ ದುಂಡು ಅಕ್ಷರ ಕಂಡೇ ಕಂಡಕ್ಟರನಿಗೆ ಮೈಯೆಲ್ಲ ಉರಿದಿತ್ತು. ಮದುವೆಯ ದಿನ ಮುಂದಿನ ಸಾಲಿನಲ್ಲಿ ಅವನಿಗೆಂದು ಒಂದು ಕುರ್ಚಿಗೆ ಟವೆಲ್ ಹಾಸಿ ಕಾದಿದ್ದ. ಕೂರಲು ಬಂದವರನ್ನೆಲ್ಲ ಎಬ್ಬಿಸಿದ್ದ. ಕೊನೆಗೆ ಬೀಗರೇ ನಕ್ಕರು. ಆಮೇಲೆ ಡ್ರೈವರನ ಫೋನು ಬಂದಾಗಲೆಲ್ಲ ಕತ್ತರಿಸಿದ.

“ಒಯ್ಯಪ್ಪ ವಾಪಸ್ಸು,” ಎಂದಿದ್ದ. “ನನ್ನ ಮನೆಗೆ ಬರಕ್ಕೆ ಅವನಿಗೆ ಕಾಲಿರಲಿಲ್ಲ, ಅವನ ಕಾಗದಕ್ಕೆ ಮಾತ್ರ ಕಾಲಾ?”

ಮಾತು ತನಗೇ ಬಹಳ ಹಿಡಿಸಿ, ಹೆಂಡತಿಗೂ ಎರಡು ಸಲ ಹೇಳಿದ್ದ.

*

“ಮೊದಲು ಇವನ್ನ ಓದಿ,” ಎಂದು ಡ್ರೈವರನ ಹೆಂಡತಿ ಸುಕ್ಕಾದ ಮೂರು ಹಾಳೆ ಮುಂದಿಟ್ಟಳು. “ನಾಲ್ಕು ದಿನ ಕೂತು ಬರೆದಿದ್ದಾರೆ.”

ಮೊದಲನೆಯದರಲ್ಲಿ ಜ್ವರ ಬಂದಿತ್ತು ಎಂದು ಬರೆದು ಹೊಡೆದುಹಾಕಿದ್ದ. ಎರಡನೆಯದರಲ್ಲಿ, “ನೀನು ಫೋನಲ್ಲೇ ಕರೆದೆ, ಕಾರ್ಡು ಕೊಡಲಿಲ್ಲ” ಎಂಬ ಸಾಲಿನ ಮೇಲೆ ಹಾಳೆ ಹರಿಯುವಷ್ಟು ಗೀಚಿದ್ದ. ಕಂಡಕ್ಟರನ ಕಿವಿ ಬಿಸಿಯಾಯಿತು. ನಿನಗೂ ಕಾರ್ಡಾ ಎಂದು ನಕ್ಕಿದ್ದವನು ತಾನೇ. ಮೂರನೆಯದರಲ್ಲಿ “ದಯವಿಟ್ಟು ಕ್ಷಮಿಸು” ಎಂದು ಐದು ಸಲ ಇತ್ತು, ಐದೂ ಹೊಡೆದಿದ್ದವು.

“ಇದೇನು ಭಿಕ್ಷೆ ಬೇಡೋ ಹಾಗಿದೆ, ಅವನ ಕುತ್ತಿಗೆ ಮೇಲೆ ಕೂತ ಹಾಗಾಗುತ್ತೆ ಅಂದ್ರು,” ಎಂದಳು. “ಈಗ ಲಕೋಟೆ ಒಡೀರಿ.”

“ಮೆಣಸಿನಕಾಯಿ,” ಎಂದು ಶುರುವಾಗಿತ್ತು. ಡಿಪೋದಲ್ಲಿ ಕಂಡಕ್ಟರನ ಹೆಸರೇ ಅದು.

“ನಿನ್ನ ಮಗಳ ಮದುವೆಗೆ ನಾನು ಬರಲಿಲ್ಲ. ನೀನು ಭಾನುವಾರ ಅಂದೆ, ನಾನು ಕ್ಯಾಲೆಂಡರಿನಲ್ಲಿ ಸೋಮವಾರಕ್ಕೆ ಗುರುತು ಹಾಕಿದೆ. ಮೂವತ್ತು ವರ್ಷ ನಮ್ಮ ವಾರದ ರಜೆ ಸೋಮವಾರ, ಒಳ್ಳೆಯದೆಲ್ಲ ಅವತ್ತೇ ಅಂತ ಕೈಗೆ ರೂಢಿ. ಹೊಸ ಶರ್ಟು ಹಾಕಿಕೊಂಡು ಬಂದರೆ ಛತ್ರ ಗುಡಿಸುತ್ತಿದ್ದರು. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

ಕುರ್ಚಿ ಹಿಡಿದಿಟ್ಟಿದ್ದೆಯಂತೆ. ಅವನೆಲ್ಲಿ ಅಂತ ಕೇಳಿದವರಿಗೆಲ್ಲ ಏನು ಹೇಳಿದೆಯೋ. ಅದನ್ನು ನೆನೆದರೆ ಅನ್ನ ಇಳಿಯುವುದಿಲ್ಲ. ನನ್ನ ತೊಡೆ ಮೇಲೆ ಕೂತು ಹಾರನ್ ಒತ್ತಿದ ಮಗು ಅದು. ಅವಳಿಗೆ ಬೇರೆಯೇ ಬರೆಯುತ್ತೇನೆ, ಅವಳ ಪಾಲಿನ ತಪ್ಪನ್ನು ನಿನ್ನ ಕಾಗದದಲ್ಲಿ ಮುಗಿಸುವುದಿಲ್ಲ.

ಸಿಟ್ಟು ಬಿಡು ಅನ್ನುವುದಿಲ್ಲ, ಇರುವಷ್ಟು ದಿನ ಇರಲಿ. ಇಳಿದ ದಿನ ಬಂದು ನಮ್ಮ ಬಾಗಿಲನ್ನು ಬಸ್ಸಿನ ಮೈ ಬಡಿದ ಹಾಗೆ ಎರಡು ಸಲ ಬಡಿ. ಮಗಳ ಮನೆಗೆ ಹೋಗೋಣ. ನಾನೇ ಓಡಿಸುತ್ತೇನೆ.”

“ಮುಠ್ಠಾಳ,” ಎಂದ ಕಂಡಕ್ಟರ್. “ಮನೆಗೇ ಬಂದು ಹೇಳಕ್ಕೆ ಏನಾಗಿತ್ತು ಅವನಿಗೆ?”

“ಬಂದಿದ್ರೆ ಬಾಗಿಲು ತೆಗೀತಿದ್ರಾ?”

ಅವನು ಕಾಗದ ಮಡಚಿ ಲಕೋಟೆಗೆ ಸೇರಿಸಿದ.

“ದಿನಾ ಬೆಳಗ್ಗೆ ಅದೇ ಶರ್ಟು ಹಾಕ್ಕೊಂಡು ಬಾಗಿಲಲ್ಲಿ ಕೂರೋರು,” ಎಂದಳು. “ನಿನ್ನೆನೂ ಕೂತಿದ್ರು. ಅಲ್ಲೇ ಎದೆ ಹಿಡ್ಕೊಂಡ್ರು. ನಿಮ್ಮನ್ನ ನಾನು ಕ್ಷಮಿಸಲ್ಲ ಅಣ್ಣ. ಅವರು ಕೇಳ್ಕೊಂಡಿದ್ರೂ ಕ್ಷಮಿಸಲ್ಲ.”

“ಬೇಡಮ್ಮ,” ಎಂದ ಅವನು.

*

ಬಸ್ಸಿನ ತಗಡು ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೊರಡು. ಮೂವತ್ತು ವರ್ಷದಲ್ಲಿ ಡ್ರೈವರ್ ಒಮ್ಮೆಯೂ ಎರಡನೆಯ ಬಡಿತ ಕೇಳದೆ ಗಾಡಿ ಕದಲಿಸಿದವನಲ್ಲ. ಹಿಂದೆ ಹಾರನ್ನುಗಳು ಬೊಬ್ಬೆ ಹೊಡೆದರೂ, “ನಮ್ಮ ಮೆಣಸಿನಕಾಯಿ ಹೇಳಲಿ,” ಎಂದು ಕೂತಿರುತ್ತಿದ್ದ.

*

ಡಿಪೋದವರು ಹೆಣವನ್ನು ವ್ಯಾನಿಗೆ ಏರಿಸಿದರು. ಕಂಡಕ್ಟರ್ ಬಾಗಿಲು ಹಾಕಿದ. ಹಾಕುವಾಗ ಆ ಶರ್ಟಿನ ಇಸ್ತ್ರಿಯ ಗೆರೆ ಕಂಡಿತು. ವ್ಯಾನು ಕದಲಿತು.

ಅವನ ಅಂಗೈ ತಗಡಿಗೆ ದಢಾರನೆ ಬಿತ್ತು. ವ್ಯಾನು ನಿಂತಿತು.

“ಯಾಕೆ ಸಾರ್? ಏನಾದ್ರೂ ಬಿಟ್ಟುಹೋಯ್ತಾ?” ಎಂದು ಚಾಲಕ ತಲೆ ಹೊರಹಾಕಿದ.

ಹಿಂದೆ ಎರಡು ಕಾರು ಹಾರನ್ ಹಾಕತೊಡಗಿದವು. ಯಾರೋ “ರೈಟ್ ಹೇಳಿ ಸಾರ್,” ಎಂದರು. ಎರಡನೆಯ ಸಲಕ್ಕೆ ಎತ್ತಿದ ಕೈ ತಗಡಿನಿಂದ ಒಂದು ಗೇಣು ದೂರದಲ್ಲಿ ಹಾಗೆಯೇ ನಿಂತಿತ್ತು.