ಇಪ್ಪತ್ತೆರಡರಿಂದ ಮೂವತ್ತೊಂಬತ್ತು ಡಿಗ್ರಿ

ಬಸವೇಶ್ವರನಗರದ ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಟ್ಟಡ, ಕರೆಂಟು, ಏಸಿ ಎಲ್ಲದರ ಉಸ್ತುವಾರಿಯೂ ರಾಗಿಣಿಯದೇ. ಆಯುಧಪೂಜೆಯ ಹಿಂದಿನ ದಿನ ಸರ್ವರ್ ರೂಮಿನ ಎರಡೂ ಏಸಿ ಒಟ್ಟಿಗೆ ನಿಂತು, ಸರ್ವರುಗಳೆಲ್ಲ ಆಫ್ ಆಗಿ, ಮಧ್ಯಾಹ್ನದವರೆಗೂ ಒಬ್ಬರಿಗೂ ರಿಪೋರ್ಟ್ ಕೊಡಲಾಗಲಿಲ್ಲ. ನಾಯಂಡಹಳ್ಳಿಯಿಂದ ಓಡಿಬಂದ ಮೆಕ್ಯಾನಿಕ್ ದ್ಯಾಮಪ್ಪ ಟೆರೇಸಿಗೆ ಹೋಗಿ ಏಸಿ ಯೂನಿಟ್ಟುಗಳ ರೀಸೆಟ್ ಒತ್ತಿದ. ಎರಡೂ ಓಡಿದವು.

"ಗ್ಯಾಸಿನ ಪ್ರೆಶರ್ ಏರಿ ತಾವಾಗೇ ಟ್ರಿಪ್ ಆಗಿದ್ವು ಮೇಡಂ. ಯಾಕೋ ಗೊತ್ತಾಗ್ತಿಲ್ಲ, ಎರಡೂ ಒಟ್ಟಿಗೆ ಹಂಗಾಗಲ್ಲ" ಎಂದ.

ಮ್ಯಾನೇಜರ್ ಸುಧೀಂದ್ರರಿಗೆ ಅಷ್ಟೇ ಸಾಕಾಯಿತು. "ಮೊನ್ನೆ ತಾನೇ ಸರ್ವೀಸ್ ಮಾಡಿದ್ನಲ್ಲ? ಅವನದೇ ತಪ್ಪು ಅಂತ ಬರೀರಿ. ಕಾಂಟ್ರಾಕ್ಟ್ ಇವತ್ತೇ ಮುಗಿಸೋಣ."

ಗೂಬೆ ಕೂರಿಸುವುದಕ್ಕೆ ಬಡವನ ತಲೆಯೇ ಬೇಕು ನೋಡಿ! ರಾಗಿಣಿ ವರದಿಗೆಂದು ಸರ್ವರ್ ರೂಮಿನ ಬಿಸಿ ಅಳೆಯುವ ಸೆನ್ಸರಿನ ಲೆಕ್ಕ ತೆಗೆದಳು. 10:20ಕ್ಕೆ ಇಪ್ಪತ್ತೆರಡು ಡಿಗ್ರಿ. 10:25ಕ್ಕೆ ಇಪ್ಪತ್ತೈದು. 10:40ಕ್ಕೆ ಮೂವತ್ತಮೂರು, ಹೊಸಬರ ಕಲಿಕೆಗೆ ಇಟ್ಟಿದ್ದ ಸರ್ವರ್ ಆಫ್. 10:45ಕ್ಕೆ ಮೂವತ್ತಾರು, ರಿಪೋರ್ಟ್ ಅಚ್ಚು ಹಾಕುವ ಸರ್ವರ್ ಆಫ್. 10:50ಕ್ಕೆ ಮೂವತ್ತೊಂಬತ್ತು; ರೋಗಿಗಳ ದಾಖಲೆಯ ಸರ್ವರ್, ಬರೆಯಬೇಕಿದ್ದನ್ನೆಲ್ಲ ಬರೆದಿಟ್ಟು, ಕೊನೆಗೆ ಆಫ್.

ಅವಳ ಮೈ ಜುಮ್ಮೆಂದಿತು. ಎಚ್ಚರಿಕೆಯ ಮೆಸೇಜುಗಳು ಪೂಜೆಯ ಗಡಿಬಿಡಿಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಿಸಿ ಏರಿದರೆ ಯಾವುದು ಮೊದಲು, ಯಾವುದು ಕೊನೆಗೆ ಆಫ್ ಆಗಬೇಕೆಂದು ಯಾವತ್ತೋ ಯಾರೋ ಬರೆದಿಟ್ಟ ಕ್ರಮವನ್ನು ಆ ಯಂತ್ರಗಳು, ಕೋಣೆ ಕಾದು ಕೆಂಡವಾಗುತ್ತಿದ್ದರೂ, ಒಂದಿಷ್ಟೂ ತಪ್ಪಿಸಿರಲಿಲ್ಲ. ಸಾವಿರಾರು ಜನರ ಸಕ್ಕರೆ, ಉಪ್ಪು, ಕೊಬ್ಬಿನ ಲೆಕ್ಕದಲ್ಲಿ ಒಂದಂಕಿಯೂ ಕಳೆದಿರಲಿಲ್ಲ. ಎಂಥ ನಿಯತ್ತಪ್ಪ ಇವುಗಳದ್ದು ಎಂದು ಅವಳು ಸುಮ್ಮನೆ ನೋಡುತ್ತ ಕುಳಿತಳು.

ಆಮೇಲೆ ಮತ್ತೆ ಮೇಲಿನ ಸಾಲಿಗೆ ಬಂದಳು. 10:20ರಿಂದ 10:25ರ ನಡುವೆ ಏನಾಯಿತು? ಫೋನಿನಲ್ಲಿ ಆಫೀಸಿನ ಗ್ರೂಪ್ ತೆರೆದಳು. "ಪೂಜೆಗೆ ಜಮಖಾನ ರೆಡಿ" ಎಂದು ಟೆರೇಸಿನಿಂದ ಅವಳೇ ಹಾಕಿದ ಫೋಟೊ, 10:12ಕ್ಕೆ. ಬಿಸಿಗಾಳಿಗೆ ಬೇಗ ಒಣಗಲಿ ಎಂದು ತೊಳೆದು ಅರೆ ಒಣಗಿದ್ದ ಜಮಖಾನಗಳನ್ನು ಟೆರೇಸಿನ ಎರಡೂ ಏಸಿ ಯೂನಿಟ್ಟಿನ ಫ್ಯಾನುಗಳ ಮುಂದಕ್ಕೆ ಇಳಿಬಿಟ್ಟಿದ್ದಳು. ಬಿಸಿಗಾಳಿ ಹೊರಹೋಗದೆ, ಪ್ರೆಶರ್ ಏರಿ, ಏಸಿಗಳು ಉಸಿರುಕಟ್ಟಿ ನಿಂತಿದ್ದವು. ಹನ್ನೊಂದಕ್ಕೆ, ದ್ಯಾಮಪ್ಪ ಬರುವ ಮೊದಲೇ, ಒಣಗಿದವಲ್ಲ ಎಂದು ಖುಷಿಯಿಂದ ಮಡಚಿ ತಂದವಳೂ ಅವಳೇ.

ಫೋಟೊ ಅಳಿಸಬಹುದಿತ್ತು. ಬೆರಳು ಅಲ್ಲಿಯವರೆಗೆ ಹೋಗಿತ್ತು ಕೂಡ.

ಜಮಖಾನದ ವಿಷಯವನ್ನೂ ಅವಳು ಬರೆದಿದ್ದ ವರದಿ ಓದಿ ಸುಧೀಂದ್ರ ಕನ್ನಡಕ ತೆಗೆದರು. "ಇದು ಹೆಡ್ ಆಫೀಸಿಗೆ ಹೋಗುತ್ತೆ ಕಣಮ್ಮ. ನಿಮ್ಮ ಕೆಲಸಕ್ಕೇ ಕುತ್ತು. ನೀವು ಬರೀದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಆ ಮೆಷೀನುಗಳು ಅಷ್ಟು ಸರಿಯಾಗಿ ಬರೆದಿಟ್ಟಿದಾವೆ ಸಾರ್. ಅದರ ಕೆಳಗೆ ನಾನು ಸುಳ್ಳು ಬರೆಯೋಕೆ ಆಗಲಿಲ್ಲ."

ಅವರು ಮೇಜಿನ ಮೇಲೆ ಸಿದ್ಧವಾಗಿದ್ದ, ದ್ಯಾಮಪ್ಪನ ಕಾಂಟ್ರಾಕ್ಟ್ ರದ್ದು ಮಾಡುವ ಪತ್ರವನ್ನು ಹರಿದು, ಅವಳ ವರದಿಗೆ ಸಹಿ ಹಾಕಿದರು.